ಬಾಡಿಗೆಗೆ ಮುಂದಿನ ತಾರೀಖಿನ ಚೆಕ್: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಬ್ಯಾಂಕಿನ ಕ್ಲಿಯರಿಂಗ್ ಟೇಬಲ್‌ನಲ್ಲಿ ಹಲವು ವರ್ಷ ಕೂತವನು ನಾನು. ನಿವೃತ್ತಿಯಾದ ಮೇಲೂ ಪ್ರಶ್ನೆಗಳು ನಿಂತಿಲ್ಲ. ಬೆಳಿಗ್ಗೆ ಬೆಣ್ಣೆದೋಸೆ ತಿನ್ನಲು ಹೋದರೆ ಅಲ್ಲೂ ಒಬ್ಬರು ಜೇಬಿನಿಂದ ಚೆಕ್ ವಾಪಸಾದ ಕಾರಣ ಬರೆದ ರಿಟರ್ನ್ ಮೆಮೊ ತೆಗೆಯುತ್ತಾರೆ. ಮನೆ, ಅಂಗಡಿ ಬಾಡಿಗೆಗೆ ಕೊಟ್ಟ ಚೆಕ್ಕುಗಳ ಬಗ್ಗೆ ಜನ ಕೇಳಿದ್ದನ್ನು ಅವರ ಮಾತಲ್ಲೇ ಇಲ್ಲಿ ಹಾಕಿದ್ದೇನೆ.

## ಚೆಕ್ ಕೊಡುವ ಮುಂಚೆ

ಹನ್ನೊಂದು ತಿಂಗಳಿಗೆ ಹನ್ನೊಂದು ಚೆಕ್ ಈಗಲೇ ಬರೆದು ಕೊಡಿ ಅಂತಾರೆ ಓನರ್. ಕೊಡ್ಲೇಬೇಕಾ ಅಣ್ಣಾ?

ಕೊಡಲೇಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ. ಅದು ನಿಮ್ಮಿಬ್ಬರ ಒಪ್ಪಂದ, ಅಷ್ಟೇ. ಅಂಗಡಿ ಮಳಿಗೆಗಳಲ್ಲಿ ಈ ಪದ್ಧತಿ ಹಳೆಯದು. ಈಗ ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್ ಕಡೆ ಮನೆಗಳಿಗೂ ಕೇಳುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ, ಕೈತುಂಬ ಅಡ್ವಾನ್ಸ್ ಇಸ್ಕೊಂಡ ಮೇಲೆ ಹನ್ನೊಂದು ಚೆಕ್ ಕೇಳುವುದು ಜಾಸ್ತಿಯಾಯಿತು. ಅಡ್ವಾನ್ಸ್ ಇರುವುದೇ ಬಾಡಿಗೆ ತಪ್ಪಿದರೆ ಹಿಡಿದುಕೊಳ್ಳಲು ಅಲ್ವಾ? ಓನರ್ ಬಿಡಲೇ ಇಲ್ಲ ಅಂದರೆ ಮೂರು ಮೂರು ತಿಂಗಳ ಚೆಕ್ ಕೊಡುತ್ತೇನೆ ಅನ್ನಿ. ಆ ಮೂರು ಪಾಸಾದ ಮೇಲೆ ಮುಂದಿನ ಮೂರು. ಇದಕ್ಕೆ ಬಹಳ ಜನ ಒಪ್ಪುತ್ತಾರೆ.

ತಾರೀಖಿಗೆ ಮುಂಚೆನೇ ಬ್ಯಾಂಕಿಗೆ ಹಾಕಿಬಿಟ್ರೆ?

ಬ್ಯಾಂಕ್ ವಾಪಸ್ ಕಳಿಸುತ್ತದೆ. ಮೆಮೊದಲ್ಲಿ ‘ಪೋಸ್ಟ್ ಡೇಟೆಡ್’ ಅಂತ ಕಾರಣ ಬಂದಿರುತ್ತದೆ. ಅದರಿಂದ ನಿಮ್ಮ ಮೇಲೆ ಕೇಸ್ ಆಗುವುದಿಲ್ಲ. ಕಾನೂನಿನ ಕಣ್ಣಲ್ಲಿ ಮುಂದಿನ ತಾರೀಖಿನ ಚೆಕ್ ಆ ತಾರೀಖು ಬರುವ ತನಕ ಚೆಕ್ಕೇ ಅಲ್ಲ, ಇಂಥ ದಿನ ಹಣ ಕೊಡಿ ಅಂತ ಬರೆದ ಬರೀ ಹುಂಡಿ ಪತ್ರ ಇದ್ದ ಹಾಗೆ. ತಾರೀಖು ಬಂದ ದಿನ ಅದು ಚೆಕ್ ಆಗುತ್ತದೆ.

ಆ ದಿನದಿಂದ ಮೂರು ತಿಂಗಳು ಅದಕ್ಕೆ ಜೀವ. ಮುಂಚೆ ಆರು ತಿಂಗಳು ಇತ್ತು, ರಿಸರ್ವ್ ಬ್ಯಾಂಕ್ 2012ರ ಏಪ್ರಿಲ್ 1ರಿಂದ ಮೂರಕ್ಕೆ ಇಳಿಸಿತು. ಈಗಲೂ ಆರು ತಿಂಗಳು ಅಂತಲೇ ಕೂತಿರುವ ಓನರ್‌ಗಳಿದ್ದಾರೆ. ಅವರ ಚೆಕ್ ‘ಹಳೆಯದಾಗಿದೆ’ ಅಂತ ವಾಪಸ್ ಬರುತ್ತದೆ. ಅದು ಬೌನ್ಸ್ ಕೇಸ್ ಅಲ್ಲ, ಓನರ್ ಮಾಡಿಕೊಂಡ ತಡ.

ಸಹಿ ಮಾತ್ರ ಮಾಡಿ ಖಾಲಿ ಚೆಕ್ ಕೊಟ್ಟಿದೀನಿ. ನಾನು ಬರೆದಿದ್ದಲ್ಲ ಅಂತ ಆಮೇಲೆ ಹೇಳಬಹುದಲ್ವಾ?

ಹೇಳಬಹುದು, ನಿಲ್ಲುವುದು ಕಷ್ಟ. ಸಹಿ ನಿಮ್ಮದು ಅಂತ ಒಪ್ಪಿಕೊಂಡರೆ, ಉಳಿದದ್ದನ್ನು ಯಾರೇ ತುಂಬಿರಲಿ, ಅದು ಕೊಡಬೇಕಾದ ಹಣಕ್ಕೇ ಕೊಟ್ಟ ಚೆಕ್ ಅಂತ ಕೋರ್ಟ್ ಮೊದಲು ಅಂದುಕೊಳ್ಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಹಾಗಲ್ಲ ಅಂತ ತೋರಿಸುವ ಭಾರ ನಿಮ್ಮ ತಲೆ ಮೇಲೆ. ಹಾಗಾಗಿ ಹೆಸರು, ಮೊತ್ತ, ತಾರೀಖು ಮೂರನ್ನೂ ನೀವೇ ತುಂಬಿ. ತಪ್ಪಾದರೆ ತಿದ್ದಬೇಡಿ, ಹೊಸ ಹಾಳೆ ಹರಿಯಿರಿ. ಹೆಸರು, ಮೊತ್ತ ತಿದ್ದಿದ ಚೆಕ್ಕನ್ನು ಕ್ಲಿಯರಿಂಗ್‌ನಲ್ಲಿ ತಗೊಳ್ಳುವುದೇ ಇಲ್ಲ.

ಇನ್ನೊಂದು ಕೆಲಸ: ಕರಾರು ಪತ್ರದ ಕೊನೆಯಲ್ಲಿ ಪ್ರತಿ ಚೆಕ್‌ನ ನಂಬರ್, ತಾರೀಖು, ಮೊತ್ತ, ‘ಇಂಥ ತಿಂಗಳ ಬಾಡಿಗೆಗೆ’ ಅಂತ ಸಾಲಾಗಿ ಬರೆಸಿ ಇಬ್ಬರೂ ಸಹಿ ಹಾಕಿ. ಕೊಡುವ ಮುಂಚೆ ಎಲ್ಲ ಚೆಕ್‌ಗಳನ್ನೂ ಮೇಜಿನ ಮೇಲೆ ಹರಡಿ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಐದು ನಿಮಿಷ ಸಾಕು.

ಮಗ ಇಲ್ಲಿ ಮೆಡಿಕಲ್ ಓದ್ತಾನೆ. ರೂಮ್ ಅವನ ಹೆಸರಲ್ಲಿದೆ, ಚೆಕ್ ನನ್ನದು. ಬೌನ್ಸ್ ಆದ್ರೆ ಯಾರ ಮೇಲೆ?

ನಿಮ್ಮ ಮೇಲೆ, ಯಜಮಾನ್ರೆ. ಯಾರ ಖಾತೆಯಿಂದ, ಯಾರ ಸಹಿಯಿಂದ ಚೆಕ್ ಹೋಯಿತೋ ಅವರೇ ಹೊಣೆ. ಬೇರೆಯವರ ಬಾಕಿಗೆ ಕೊಟ್ಟ ಚೆಕ್ ಆದರೂ ಅಷ್ಟೇ. ಮಕ್ಕಳಿಗಾಗಿ ಅಪ್ಪಂದಿರು ಊರಿಂದಲೇ ಸಹಿ ಮಾಡಿ ಕಳಿಸಿ ಮರೆತುಬಿಡುತ್ತಾರೆ. ಮಗ ರೂಮ್ ಬದಲಿಸಿ ಆರು ತಿಂಗಳಾದರೂ ಚೆಕ್ ಮಾತ್ರ ಹಳೆ ಓನರ್ ಬೀರುವಿನಲ್ಲೇ ಇರುತ್ತದೆ.

## ಚೆಕ್ ವಾಪಸ್ ಬಂದಾಗ

ಸಂಜೆ ದುಡ್ಡು ಹಾಕೋಣ ಅಂದ್ಕೊಂಡಿದ್ದೆ, ಅಷ್ಟರಲ್ಲಿ ಬೌನ್ಸ್ ಆಗಿತ್ತು. ಹೀಗ್ಯಾಕೆ?

ಚೆಕ್ ಪಾಸಾಗಲು ಎರಡು ದಿನ ಆಗುತ್ತದೆ ಅನ್ನುವ ಲೆಕ್ಕ ಈಗ ನಡೆಯುವುದಿಲ್ಲ. 2025ರ ಅಕ್ಟೋಬರ್ 4ರಿಂದ ಚೆಕ್‌ಗಳನ್ನು ದಿನವಿಡೀ ಸ್ಕ್ಯಾನ್ ಮಾಡಿ ಕಳಿಸುತ್ತಲೇ ಇರುತ್ತಾರೆ. ಪಾಸೋ ವಾಪಸೋ ಅಂತ ಬಹುತೇಕ ಅದೇ ದಿನ ತೀರ್ಮಾನವಾಗುತ್ತದೆ. ಓನರ್ ಬೆಳಿಗ್ಗೆ ಹಾಕಿದರೆ ಸಂಜೆಯೊಳಗೆ ನಿಮ್ಮ ಖಾತೆ ಮುಟ್ಟಿರುತ್ತದೆ. ಚೆಕ್ ಮೇಲಿನ ತಾರೀಖಿನ ಹಿಂದಿನ ರಾತ್ರಿಯೇ ಹಣ ಇರಬೇಕು.

ವಾಪಸ್ ಬಂದರೆ ಇಬ್ಬರ ಖಾತೆಯಿಂದಲೂ ದಂಡ ಕಡಿಯುತ್ತಾರೆ, ಅದರ ಮೇಲೆ ಜಿಎಸ್‌ಟಿ ಬೇರೆ. ಓನರ್ ಖಾತೆಯಲ್ಲಿ ಕಡಿದದ್ದನ್ನೂ ನೀವು ಕೊಟ್ಟುಬಿಡುವುದು ಮರ್ಯಾದೆ.

ಚೆಕ್ ಬೌನ್ಸ್ ಆದ ತಕ್ಷಣ ಪೊಲೀಸ್ ಬರ್ತಾರಾ? ಓನರ್ ಹಾಗೇ ಹೆದರಿಸ್ತಿದಾರೆ.

ಬರುವುದಿಲ್ಲ. ಇದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138ರ ಕೆಳಗೆ ಬರುವ ವಿಷಯ. ಚೆಕ್ ಯಾರ ಹೆಸರಿಗಿದೆಯೋ ಅವರು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಲಿಖಿತ ದೂರು ಕೊಡಬೇಕು. ಠಾಣೆಗೆ ಹೋದರೆ ವಕೀಲರನ್ನು ನೋಡಿ ಅಂತ ಕಳಿಸುತ್ತಾರೆ. ಆದರೆ ಕೋರ್ಟ್ ಸಮನ್ಸ್ ಬಂದ ಮೇಲೂ ಹೋಗದೆ ಕೂತರೆ ವಾರೆಂಟ್ ಹೊರಡುತ್ತದೆ. ಆಗ ಬರುವ ಪೊಲೀಸರು ನಿಜವಾದವರೇ.

ಶಿಕ್ಷೆ ಎರಡು ವರ್ಷದ ತನಕ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡರಷ್ಟರ ತನಕ ದಂಡ, ಅಥವಾ ಎರಡೂ. ಇಬ್ಬರೂ ಒಪ್ಪಿದರೆ ಯಾವ ಹಂತದಲ್ಲಾದರೂ ರಾಜಿ ಮಾಡಿಕೊಳ್ಳಬಹುದು. ಲೋಕ ಅದಾಲತ್‌ನಲ್ಲಿ ಇಂಥ ಕೇಸುಗಳು ಸಾಲುಸಾಲಾಗಿ ಮುಗಿಯುತ್ತವೆ.

ಓನರ್ ನಾನೇ. ಕೇಸ್ ಹಾಕೋಕೆ ಎಷ್ಟು ದಿನ ಇರುತ್ತೆ, ದಿನದ ಲೆಕ್ಕದಲ್ಲಿ ಹೇಳ್ತೀರಾ?

ಹೇಳುತ್ತೇನೆ. ಇಲ್ಲಿ ಬಹಳ ಜನ ಎಡವುತ್ತಾರೆ. ಅಶೋಕ ರಸ್ತೆಯಲ್ಲಿ ಒಂದು ಸಣ್ಣ ಮಳಿಗೆ ಅಂದುಕೊಳ್ಳಿ, ತಿಂಗಳಿಗೆ 12,000 ಬಾಡಿಗೆ. ಚೆಕ್ ಮೇಲೆ ಆಗಸ್ಟ್ 5. ನೀವು 7ಕ್ಕೆ ಹಾಕಿದಿರಿ, ಹಣ ಸಾಲದು ಅಂತ ವಾಪಸ್ ಬಂತು. ಮೆಮೊ ನಿಮ್ಮ ಕೈಗೆ ಸಿಕ್ಕಿದ್ದು 8ಕ್ಕೆ.

ಮೊದಲ ಗಡುವು ನೋಟಿಸ್‌ನದು. ಚೆಕ್ ವಾಪಸಾಗಿದೆ ಅಂತ ಬ್ಯಾಂಕಿನಿಂದ ಗೊತ್ತಾದ ದಿನದಿಂದ 30 ದಿನದೊಳಗೆ ಹಣ ಕೊಡಿ ಅಂತ ಬರಹದಲ್ಲಿ ಕೇಳಬೇಕು. ಅಂದರೆ ಸೆಪ್ಟೆಂಬರ್ 7ರೊಳಗೆ. ಆದರೆ ಒಂದು ಎಚ್ಚರ: ಬೌನ್ಸ್ ಆದ ಮೆಸೇಜ್ 7ಕ್ಕೇ ಮೊಬೈಲ್‌ಗೆ ಬಂದಿದ್ದರೆ ಎದುರಿನ ವಕೀಲರು ಅದೇ ದಿನದಿಂದ ಎಣಿಸಬಹುದು. ಕೊನೆ ದಿನದ ತನಕ ಕಾಯಬೇಡಿ. ನೀವು ಆಗಸ್ಟ್ 17ಕ್ಕೆ ಸ್ಪೀಡ್ ಪೋಸ್ಟ್ ಮಾಡಿದಿರಿ, ಬಾಡಿಗೆದಾರರು 20ಕ್ಕೆ ಸಹಿ ಹಾಕಿ ತಗೊಂಡರು ಅನ್ನೋಣ. ಅಂಚೆ ರಸೀದಿ, ಡೆಲಿವರಿಯ ಪುರಾವೆ ಎರಡನ್ನೂ ಜೋಪಾನ ಮಾಡಿ.

ಎರಡನೆಯದು ಅವರ ಗಡುವು. ನೋಟಿಸ್ ಕೈಗೆ ಸಿಕ್ಕ ಮೇಲೆ 15 ದಿನ, ಅಂದರೆ ಸೆಪ್ಟೆಂಬರ್ 4ರ ತನಕ. ಅಷ್ಟರಲ್ಲಿ 12,000 ಕೊಟ್ಟರೆ ಅಲ್ಲಿಗೆ ಮುಗಿಯಿತು, ಅಪರಾಧವೇ ಆಗುವುದಿಲ್ಲ. ಸಿಟ್ಟಿಗೆ ಬಿದ್ದು ಈ 15 ದಿನ ಮುಗಿಯುವ ಮುಂಚೆಯೇ ದೂರು ಹಾಕಿದರೆ ಆ ದೂರು ನಿಲ್ಲುವುದಿಲ್ಲ.

ಮೂರನೆಯದು ಕೋರ್ಟಿನದು. ಅವರ ಗಡುವು ಮುಗಿದ ಮೇಲೆ ಒಂದು ತಿಂಗಳು. ನಮ್ಮ ಲೆಕ್ಕದಲ್ಲಿ ಸೆಪ್ಟೆಂಬರ್ 5ರಿಂದ, ಅಕ್ಟೋಬರ್ 4ರೊಳಗೆ ಹಾಕಿಬಿಟ್ಟರೆ ಕ್ಷೇಮ. ಸರಿಯಾದ ಕಾರಣ ಇದ್ದರೆ ಕೋರ್ಟ್ ತಡವನ್ನು ಮನ್ನಿಸಬಹುದು. ಆದರೆ ನೋಟಿಸ್‌ನ 30 ದಿನ ತಪ್ಪಿದರೆ ಅದನ್ನು ಮನ್ನಿಸಲು ಕಾಯ್ದೆಯಲ್ಲಿ ದಾರಿಯೇ ಇಲ್ಲ.

ನೋಟಿಸ್ ಕೊಡೋದೇ ಮರೆತೆ. ಬಾಡಿಗೆ ಹೋದಂಗೇನಾ?

ಇಲ್ಲ. ಚೆಕ್‌ನ ಮೂರು ತಿಂಗಳು ಇನ್ನೂ ಮುಗಿದಿಲ್ಲ ಅಂದರೆ ಮತ್ತೆ ಬ್ಯಾಂಕಿಗೆ ಹಾಕಿ. ಮತ್ತೆ ವಾಪಸ್ ಬಂದರೆ 30 ದಿನ ಹೊಸದಾಗಿ ಶುರುವಾಗುತ್ತದೆ. ಇದಕ್ಕೆ 2012ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿದೆ. ಮೂರು ತಿಂಗಳೂ ದಾಟಿದ್ದರೆ 138 ಬಿಡಿ, ಬಾಕಿ ಬಾಡಿಗೆಗೆ ಸಿವಿಲ್ ದಾವೆ ಇದೆ. ಅದಕ್ಕೆ ಬಾಡಿಗೆ ಬಾಕಿಯಾದಾಗಿನಿಂದ ಮೂರು ವರ್ಷ ಕಾಲ.

ಬಾಡಿಗೆದಾರರ ಬ್ಯಾಂಕ್ ಇರೋದು ಚಿತ್ರದುರ್ಗದಲ್ಲಿ. ಕೇಸಿಗೆ ಅಲ್ಲಿಗೆ ಓಡಾಡಬೇಕಾ?

ಬೇಕಿಲ್ಲ. 2015ರ ತಿದ್ದುಪಡಿ ಆದ ಮೇಲೆ, ನಿಮ್ಮ ಖಾತೆ ಯಾವ ಶಾಖೆಯಲ್ಲಿದೆಯೋ ಅಲ್ಲಿನ ಕೋರ್ಟಿಗೆ ಕೇಸ್ ಬರುತ್ತದೆ. ಖಾತೆ ದಾವಣಗೆರೆಯಲ್ಲಿದ್ದರೆ ದಾವಣಗೆರೆ ಕೋರ್ಟ್. ಓಡಾಡುವುದು ಬಾಡಿಗೆದಾರರು.

ಚೆಕ್ ಬೌನ್ಸ್ ಆಯ್ತು ಅಂತ ಮನೆಗೆ ಬೀಗ ಹಾಕಬಹುದಾ?

ಹಾಕಬಾರದು. ಚೆಕ್ ಕೇಸೇ ಬೇರೆ, ಮನೆ ಖಾಲಿ ಮಾಡಿಸುವುದೇ ಬೇರೆ. 138ರಲ್ಲಿ ಗೆದ್ದರೂ ಮನೆ ಕೈಗೆ ಬರುವುದಿಲ್ಲ. ಅದಕ್ಕೆ ಕರಾರು ರದ್ದು ಮಾಡಿ ನೋಟಿಸ್ ಕೊಟ್ಟು, ಬಿಡದಿದ್ದರೆ ದಾವೆ ಹೂಡಬೇಕು. ಬೀಗ ಹಾಕಿ, ಸಾಮಾನು ಹೊರಗಿಟ್ಟರೆ ಬಾಡಿಗೆದಾರರೇ ನಿಮ್ಮ ಮೇಲೆ ಕೋರ್ಟಿಗೆ ಹೋಗಬಹುದು.

## ಸಿಕ್ಕು ಜಾಸ್ತಿ ಇರುವ ಪ್ರಶ್ನೆಗಳು

ಐದು ಸಾವಿರ ಫೋನ್‌ಪೇ ಮಾಡಿದ್ದೆ. ಆದ್ರೂ ಪೂರ್ತಿ ಹನ್ನೆರಡು ಸಾವಿರದ ಚೆಕ್ ಹಾಕಿ ಬೌನ್ಸ್ ಮಾಡಿಸಿದಾರೆ. ಈಗೇನು?

ನನಗೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದೇ. ಉತ್ತರ ಓನರ್‌ಗಳಿಗೆ ಇಷ್ಟವಾಗುವುದಿಲ್ಲ.

ಮೇಲಿನ ಅಂಗಡಿಯನ್ನೇ ತಗೊಳ್ಳಿ. ಆಗಸ್ಟ್ 3ಕ್ಕೆ ಬಾಡಿಗೆದಾರರು ‘ಯಜಮಾನ್ರೆ, ವ್ಯಾಪಾರ ಇಲ್ಲ, ಸದ್ಯ ಇಷ್ಟು ಇಟ್ಕೊಳ್ಳಿ’ ಅಂತ 5,000 ಕಳಿಸಿದರು. ಓನರ್ ‘ಆಯ್ತು ಬಿಡಿ’ ಅಂದರು. ಚೆಕ್ ಮಾತ್ರ ಅವರ ಬಳಿಯೇ ಉಳಿಯಿತು. 7ಕ್ಕೆ ಅದನ್ನೇ ಹಾಕಿದರು, ವಾಪಸ್ ಬಂತು, 12,000 ಕೇಳಿ ನೋಟಿಸ್ ಹೋಯಿತು.

ಚೆಕ್ ಹಾಕಿದ ದಿನ ನಿಜವಾಗಿ ಬಾಕಿ ಇದ್ದದ್ದು 7,000. ಚೆಕ್ ಹೇಳುವುದು 12,000. ಸೆಕ್ಷನ್ 138 ನಿಲ್ಲಬೇಕಾದರೆ ಚೆಕ್ ಹಾಕಿದ ದಿನ ಅಷ್ಟು ಬಾಕಿ ಇರಲೇಬೇಕು. ಚೆಕ್ ಕೊಟ್ಟ ಮೇಲೆ, ಅದನ್ನು ಬ್ಯಾಂಕಿಗೆ ಹಾಕುವ ಮುಂಚೆ ಸ್ವಲ್ಪ ಹಣ ಸಂದಿದ್ದರೆ ಆ ಪೂರ್ತಿ ಮೊತ್ತದ ಚೆಕ್ ಮೇಲೆ ಕೇಸ್ ನಡೆಯುವುದಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಸಂದ ಹಣವನ್ನು ಚೆಕ್ ಮೇಲೇ ಬರೆದು, ಉಳಿದದ್ದಕ್ಕೆ ಮಾತ್ರ ಹಾಕಬೇಕು ಅಂತ ಕಾಯ್ದೆಯ ಸೆಕ್ಷನ್ 56 ಹೇಳುತ್ತದೆ. ನನ್ನ ಕಾಲದಲ್ಲಿ ಹಾಗೆ ಬರೆದು ತಂದವರನ್ನು ನಾನು ನೋಡಿಲ್ಲ. ಸುಲಭ ದಾರಿ ಅಂದರೆ ಹಳೆ ಚೆಕ್ ವಾಪಸ್ ಕೊಟ್ಟು, 7,000ಕ್ಕೆ ಹೊಸ ಚೆಕ್ ತಗೊಳ್ಳುವುದು.

ಬಾಡಿಗೆದಾರರೇ, ನಿಮಗೂ ಒಂದು ಮಾತು. ನೋಟಿಸ್ ಬಂತು ಅಂತ ಸುಮ್ನೆ ಕೂರಬೇಡಿ. 3ನೇ ತಾರೀಖಿನ ಪೇಮೆಂಟ್‌ನ ಗುರುತಿನ ಸಂಖ್ಯೆ, ಅಂದರೆ ಯುಟಿಆರ್ ನಂಬರ್ ಹಾಕಿ ಬರಹದಲ್ಲೇ ಉತ್ತರ ಕೊಡಿ, ಆ 7,000ವನ್ನು 15 ದಿನದೊಳಗೆ ಕಳಿಸಿಬಿಡಿ. ಅದೇ ಐದು ಸಾವಿರವನ್ನು ಕೈಯಲ್ಲಿ ಎಣಿಸಿ ಕೊಟ್ಟಿದ್ದರೆ, ರಸೀದಿಯೂ ಇಲ್ಲದಿದ್ದರೆ? ಆಗ ನಿಮ್ಮ ಮಾತಿಗೆ ಆಧಾರವೇ ಇರುವುದಿಲ್ಲ.

ನೋಟಿಸ್‌ನಲ್ಲಿ ಚೆಕ್ ಮೊತ್ತದ ಜೊತೆ ಕರೆಂಟ್ ಬಿಲ್, ಬಡ್ಡಿ ಎಲ್ಲ ಸೇರಿಸಬಹುದಾ?

ಒಂದೇ ಮೊತ್ತವಾಗಿ ಕಲಸಬೇಡಿ. ಕೇಳಬೇಕಾದ್ದು ‘ಚೆಕ್ ಮೊತ್ತ 12,000’ ಅಂತ ಸ್ಪಷ್ಟವಾಗಿ. 14,350 ಅಂತ ಒಟ್ಟು ಕೇಳಿದರೆ ನೋಟಿಸ್ಸೇ ಬಿದ್ದುಹೋಗಬಹುದು. ಟೈಪಿಂಗ್ ತಪ್ಪು ಅಂದರೂ ಒಪ್ಪುವುದಿಲ್ಲ ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕರೆಂಟ್ ಬಿಲ್, ಬ್ಯಾಂಕ್ ದಂಡ ಕೇಳುವುದಿದ್ದರೆ ಬೇರೆ ಸಾಲಿನಲ್ಲಿ, ಬೇರೆ ಅಂಕಿಯಲ್ಲಿ ಬರೆಸಿ.

ಮಧ್ಯದಲ್ಲೇ ಮನೆ ಬಿಟ್ಟೆ. ಉಳಿದ ನಾಲ್ಕು ಚೆಕ್ ‘ಸಿಗ್ತಾ ಇಲ್ಲ’ ಅಂತಾರೆ. ಸ್ಟಾಪ್ ಪೇಮೆಂಟ್ ಮಾಡಿಸಿದ್ರೆ ಸಾಕಾ?

ಮಾಡಿಸಿ, ಆದರೆ ಅದೊಂದೇ ಸಾಕಾಗುವುದಿಲ್ಲ. ಸ್ಟಾಪ್ ಪೇಮೆಂಟ್‌ನಿಂದ ವಾಪಸ್ ಬಂದ ಚೆಕ್ ಮೇಲೂ 138ರಲ್ಲಿ ದೂರು ಹಾಕಬಹುದು. ಖಾತೆಯನ್ನೇ ಮುಚ್ಚಿದರೂ ಅಷ್ಟೇ. ನಿಮ್ಮನ್ನು ಕಾಪಾಡುವುದು ‘ಆ ತಿಂಗಳುಗಳ ಬಾಡಿಗೆ ಬಾಕಿಯೇ ಇಲ್ಲ’ ಅನ್ನುವ ಪುರಾವೆ.

ಹಾಗಾಗಿ ಕೀಲಿಕೈ ಒಪ್ಪಿಸುವಾಗ ಒಂದು ಹಾಳೆಯಲ್ಲಿ ಬರೆಸಿ: ಇಂಥ ತಾರೀಖಿಗೆ ಮನೆ ಖಾಲಿಯಾಗಿದೆ, ಬಾಡಿಗೆ ಬಾಕಿ ಇಲ್ಲ, ಇಂಥ ನಂಬರಿನ ನಾಲ್ಕು ಚೆಕ್ ರದ್ದು. ಓನರ್ ಸಹಿ ಹಾಕದಿದ್ದರೆ ಅದನ್ನೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಆಮೇಲೆ ಬ್ಯಾಂಕಿಗೆ ಸ್ಟಾಪ್ ಪೇಮೆಂಟ್ ಪತ್ರ. ಅದರಲ್ಲಿ ಕಾರಣವನ್ನೂ ಬರೆಯಿರಿ, ಸೀಲ್ ಹಾಕಿದ ಪ್ರತಿ ಇಸ್ಕೊಳ್ಳಿ.

ನಮ್ಮ ಮನೆಯಲ್ಲೇ ಹೀಗಾಗಿದೆ. ನನ್ನ ಅಳಿಯ ಹದಡಿ ರಸ್ತೆ ಕಡೆಯ ಮನೆ ಬಿಟ್ಟು ಎಂಟು ತಿಂಗಳಾದ ಮೇಲೆ, ಹಳೆ ಓನರ್ ಮಗ ಬೀರು ಚೊಕ್ಕ ಮಾಡುವಾಗ ಸಿಕ್ಕ ಚೆಕ್ ಒಂದನ್ನು ಬ್ಯಾಂಕಿಗೆ ಹಾಕಿಬಿಟ್ಟಿದ್ದ. ಅದರ ಮೂರು ತಿಂಗಳು ಮುಗಿದಿದ್ದರಿಂದ ವಾಪಸ್ ಬಂತು. ಬ್ಯಾಂಕಿನವನ ಅಳಿಯ ಆಗಿದ್ದೂ ಅವನು ಚೆಕ್ ವಾಪಸ್ ಇಸ್ಕೊಂಡಿರಲಿಲ್ಲ ನೋಡಿ.

ನೋಟಿಸ್ ನನಗೆ ಬಂದೇ ಇಲ್ಲ, ನೇರ ಕೋರ್ಟ್ ಸಮನ್ಸ್ ಬಂತು. ತಪ್ಪಿಸ್ಕೊಬಹುದಾ?

ಬರೀ ‘ನೋಟಿಸ್ ಬಂದಿಲ್ಲ’ ಅಂದರೆ ಆಗುವುದಿಲ್ಲ. ಸರಿಯಾದ ವಿಳಾಸಕ್ಕೆ ಅಂಚೆಯಲ್ಲಿ ಹೋಗಿದ್ದರೆ ತಲುಪಿದೆ ಅಂತಲೇ ಎಣಿಕೆ. ಆದರೆ ಒಂದು ಬಾಗಿಲು ತೆರೆದಿದೆ. 2007ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ಸಮನ್ಸ್ ಸಿಕ್ಕ 15 ದಿನದೊಳಗೆ ಚೆಕ್ ಮೊತ್ತ ಕಟ್ಟಿ, ಕಟ್ಟಿದ್ದೇನೆ ಅಂತ ಕೋರ್ಟಿಗೆ ತಿಳಿಸಬಹುದು. ಆ ಹದಿನೈದು ದಿನವನ್ನು ವಾದ ಹುಡುಕುವುದರಲ್ಲಿ ಕಳೆಯಬೇಡಿ.

## ಚೆಕ್ ಬದಲಿಗೆ

ಹಾಗಾದ್ರೆ ಚೆಕ್ ಬಿಟ್ಟು ಏನು ಮಾಡೋದು? ಓನರ್‌ಗೆ ಪ್ರತಿ ತಿಂಗಳು ಕೇಳೋಕೆ ಮುಜುಗರ, ನನಗೆ ಮರೆವು.

ಇಬ್ಬರಿಗೂ ಒಂದೇ ಮದ್ದು: ನಿಮ್ಮ ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಹಾಕಿಸಿ. ಪ್ರತಿ ತಿಂಗಳು 5ಕ್ಕೆ 12,000 ಓನರ್ ಖಾತೆಗೆ, ಇಂಥ ತಿಂಗಳಿಂದ ಇಂಥ ತಿಂಗಳ ತನಕ ಅಂತ. ಶಾಖೆಯಲ್ಲಿ ಬರೆದುಕೊಟ್ಟರೂ ಆಗುತ್ತದೆ, ಹೆಚ್ಚಿನ ಬ್ಯಾಂಕುಗಳ ಆ್ಯಪ್‌ನಲ್ಲೂ ಸಿಗುತ್ತದೆ. ಸಂಬಳ 1ಕ್ಕೆ ಬರುವವರು 3 ಅಥವಾ 4 ಇಡಿ. ಮನೆ ಬಿಡುವಾಗ ನೀವೇ ರದ್ದು ಮಾಡುತ್ತೀರಿ. ಬೇರೆಯವರ ಬೀರುವಿನಲ್ಲಿ ನಿಮ್ಮ ಸಹಿ ಉಳಿಯುವುದಿಲ್ಲ.

ಅಂಗಡಿಯವರಿಗೆ ಆದಾಯ ಏರುಪೇರು ಇರುತ್ತದೆ. ಮಂಡಿಪೇಟೆಯ ವ್ಯಾಪಾರಿ ಒಬ್ಬರು ತಿಂಗಳ ಬಾಡಿಗೆಯನ್ನು 5ಕ್ಕೆ ಅರ್ಧ, 20ಕ್ಕೆ ಅರ್ಧ ಅಂತ ಎರಡು ಇನ್‌ಸ್ಟ್ರಕ್ಷನ್ ಮಾಡಿದ್ದಾರೆ. ಓನರ್ ಒಪ್ಪಿ ಕರಾರಿನಲ್ಲೇ ಹಾಗೆ ಬರೆದಿದ್ದಾರೆ. ಚೆಕ್‌ನಲ್ಲಿ ಇಷ್ಟು ಸಲೀಸು ಇಲ್ಲ.

ಯುಪಿಐ ಸಾಕಲ್ವಾ?

ಬಾಡಿಗೆಗೆ ಧಾರಾಳವಾಗಿ ಸಾಕು. ಕಳಿಸುವಾಗ ನೋಟ್ ಜಾಗದಲ್ಲಿ ‘ಆಗಸ್ಟ್ ಬಾಡಿಗೆ’ ಅಂತ ಬರೆಯಿರಿ. ಅಡ್ವಾನ್ಸ್, ಕರೆಂಟ್, ನೀರು ಇದ್ದರೆ ಬೇರೆ ಬೇರೆ ಕಳಿಸಿ. ಓನರ್ ಹೆಂಡತಿ ನಂಬರಿಗೋ ಮಗನ ನಂಬರಿಗೋ ಕಳಿಸುವುದಾದರೆ, ಅದು ಬಾಡಿಗೆಗೇ ಅಂತ ಕರಾರಿನಲ್ಲಿ ಇರಲಿ. ಇಲ್ಲದಿದ್ದರೆ ನಾಳೆ ‘ಅದು ಕೈಸಾಲ ತೀರಿಸಿದ್ದು’ ಅಂದರೆ ನೀವು ಬಾಯಿ ಬಡ್ಕೋಬೇಕು.

ಆಟೋ ಡೆಬಿಟ್ ಫೇಲ್ ಆದ್ರೆ ಕೇಸ್ ಇಲ್ಲ ತಾನೆ?

ಇದು ಬಹಳ ಜನರ ತಪ್ಪು ತಿಳಿವಳಿಕೆ. ಇಸಿಎಸ್, ನ್ಯಾಚ್ ಥರದ ಎಲೆಕ್ಟ್ರಾನಿಕ್ ಪಾವತಿ ಹಣ ಇಲ್ಲದೆ ವಾಪಸಾದರೆ 2007ರ ಪೇಮೆಂಟ್ ಅಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ ಸೆಕ್ಷನ್ 25 ಇದೆ. ಚೆಕ್‌ನಂತೆಯೇ 30 ದಿನದ ನೋಟಿಸ್, 15 ದಿನದ ಗಡುವು, ಎರಡು ವರ್ಷದ ತನಕ ಶಿಕ್ಷೆ. ಆದರೆ ಖಾತೆಯಿಂದ ತಾವೇ ಹಣ ಎಳೆದುಕೊಳ್ಳಲು ಕೊಡುವ ನ್ಯಾಚ್ ಮ್ಯಾಂಡೇಟ್ ಸಾಮಾನ್ಯವಾಗಿ ಕಂಪನಿಗಳಿಗೆ, ಸಾಲ ಕೊಟ್ಟವರಿಗೆ. ಒಂದು ಮನೆ ಬಾಡಿಗೆಗೆ ಕೊಟ್ಟ ಓನರ್‌ಗೆ ಅದರ ಗೊಡವೆ ಬೇಡ, ಬಾಡಿಗೆದಾರರ ಕಡೆಯಿಂದ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಸಾಕು.

ಚೆಕ್ ಬೇಡ ಅಂದ್ರೆ ಓನರ್ ನಂಬಲ್ಲ. ಕರಾರಿನಲ್ಲಿ ಏನಂತ ಬರೆಸಲಿ?

ನಾನು ನಮ್ಮ ಬೀದಿಯ ಇಬ್ಬರಿಗೆ ಬರೆದುಕೊಟ್ಟ ಸಾಲುಗಳು ಇವು, ನಿಮಗೆ ಬೇಕಾದಂತೆ ಬದಲಿಸಿಕೊಳ್ಳಿ: ‘ಪ್ರತಿ ತಿಂಗಳ ಬಾಡಿಗೆಯನ್ನು ಆ ತಿಂಗಳ 5ನೇ ತಾರೀಖಿನೊಳಗೆ ಮಾಲೀಕರ ಈ ಖಾತೆಗೆ ಬ್ಯಾಂಕ್ ಮೂಲಕವೇ ಕಳಿಸತಕ್ಕದ್ದು. ನಗದು ಕೊಟ್ಟರೆ ಸಹಿ ಮಾಡಿದ ರಸೀದಿ ಇದ್ದರೆ ಮಾತ್ರ ಸಂದಾಯವೆಂದು ಎಣಿಸತಕ್ಕದ್ದು. 10ನೇ ತಾರೀಖು ದಾಟಿದರೆ ಬಾಕಿಯನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಲು ಮಾಲೀಕರಿಗೆ ಹಕ್ಕಿದೆ. ಹಾಗೆ ಮುರಿದ ಹಣವನ್ನು ಬಾಡಿಗೆದಾರರು 30 ದಿನದೊಳಗೆ ತುಂಬಿಕೊಡತಕ್ಕದ್ದು. ಭದ್ರತೆಗೆಂದು ಯಾವ ಚೆಕ್ಕನ್ನೂ ಕೊಟ್ಟಿರುವುದಿಲ್ಲ.’

ಕೊನೆಯ ಸಾಲನ್ನು ಓನರ್ ಹೊಡೆದುಹಾಕಲು ನೋಡುತ್ತಾರೆ. ಬಿಡಬೇಡಿ. ಒಂದು ಚೆಕ್ ಆದರೂ ಬೇಕು ಅಂತ ಹಟ ಹಿಡಿದರೆ, ಆ ಸಾಲಿನ ಜಾಗದಲ್ಲಿ ಚೆಕ್ ನಂಬರ್, ಮೊತ್ತ, ಯಾವ ತಿಂಗಳಿಗೆ ಅನ್ನುವುದನ್ನು ಬರೆಸಿ.